ಶಾಲೆಗೆ ಬನ್ನಿ ಎಂದವರ ಮಗಳು

ನನ್ನ ಗಂಡ ನಡುಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅದೇ ಹೊತ್ತಿಗೆ ಹೊರಗೆ ಬೀದಿಯಲ್ಲಿ ಅವರದೇ ದನಿ ಕೂಗುತ್ತ ಬಂತು: ‘ಪ್ರಿಯ ಪೋಷಕರೇ, ನಿಮ್ಮ ಮನೆ ಹತ್ತಿರದಲ್ಲೇ ಇರುವ ನಮ್ಮ ಸರ್ಕಾರಿ ಶಾಲೆಗೆ ನಿಮ್ಮ ಮಕ್ಕಳನ್ನು ಸೇರಿಸಿ.’ ಮಗಳು ಕಿಟಕಿಗೆ ಓಡಿದಳು. ತಲೆಯ ಮೇಲೆ ಸ್ಪೀಕರ್ ಕಟ್ಟಿಕೊಂಡ ಆಟೋ ಒಂದು ನಮ್ಮ ಗೇಟಿನ ಮುಂದೆಯೇ ನಿಂತಿತ್ತು. ಅವಳು ಆಟೋ ನೋಡಿದಳು, ತಿರುಗಿ ಬಂದು ಅಪ್ಪನ ಬಾಯಿ ನೋಡಿದಳು. ಬಾಯಿ ತುಂಬ ಉಪ್ಪಿಟ್ಟಿತ್ತು.

“ಅಪ್ಪಾ, ನೀನು ಇಲ್ಲೂ ಇದೀಯ, ಅಲ್ಲೂ ಇದೀಯಾ?” ಎಂದಳು.

“ರೆಕಾರ್ಡಿಂಗ್ ಕಣಮ್ಮ,” ಎಂದರು ಇವರು, ಉಬ್ಬಿದ ಮುಖವನ್ನು ತಟ್ಟೆಗೆ ಬಗ್ಗಿಸಿ.

ದನಿ ಮುಂದುವರಿಯಿತು. ಉಚಿತ ಪುಸ್ತಕ, ಉಚಿತ ಸಮವಸ್ತ್ರ, ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ಆಮೇಲೆ ಸ್ವಲ್ಪ ತಡೆದು, ‘ಈ ವರ್ಷದಿಂದ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮವೂ ಉಂಟು. ನನ್ನ ಮಗಳನ್ನೂ ಇಲ್ಲೇ ಸೇರಿಸುತ್ತಿದ್ದೇನೆ. ನೀವೂ ಬನ್ನಿ.’ ಆ ಕೊನೆಯ ಎರಡು ವಾಕ್ಯಗಳನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಇವರೇ ಸೇರಿಸಿದ್ದು. ನಮ್ಮನ್ನು ಸಿಕ್ಕಿಸಿ ಹಾಕಿದ್ದೂ ಅವೇ.

ನನ್ನ ಗಂಡನಿಗೆ ದೇವರು ಕೊಟ್ಟ ಆಸ್ತಿ ಎಂದರೆ ಆ ದನಿ. ಗಣೇಶನ ಪೆಂಡಾಲಿನಲ್ಲಿ ಪ್ರಸಾದ ಸಿದ್ಧವಾಗಿದೆ ಎನ್ನುವವರು ಅವರೇ, ರಾಜ್ಯೋತ್ಸವಕ್ಕೆ ಮೈಕ್ ಹಿಡಿಯುವವರೂ ಅವರೇ. ಆದ್ದರಿಂದ ಬೇಸಿಗೆಯ ದಾಖಲಾತಿ ಆಂದೋಲನಕ್ಕೆ ಶಾಲೆಯ ಹೆಡ್ ಮೇಡಂ ಇವರನ್ನೇ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಇವರು ಒಪ್ಪಿದ್ದು. ಏಕೆಂದರೆ ಅದಕ್ಕೆ ಮೊದಲು ಎರಡು ವರ್ಷ, ಮಗಳನ್ನು ಆ ಶಾಲೆಗೆ ಸೇರಿಸೋಣ ಎಂದು ನಾನು ಬಾಯಿ ತೆರೆದರೆ ಸಾಕು, ಇದೇ ಮನುಷ್ಯ ಎದ್ದು ಹೋಗಿ ಬೈಕ್ ಒರೆಸಲು ಶುರು ಮಾಡುತ್ತಿದ್ದರು.

ನಾವಿರುವುದು ಬೆಂಗಳೂರಿನ ಹೂಡಿಯಲ್ಲಿ. ಟೆಕ್ ಪಾರ್ಕುಗಳು ಬರುವುದಕ್ಕೆ ಮೊದಲಿನಿಂದ ಇವರ ಮನೆತನ ಇಲ್ಲಿದೆ. ಕೆಳಗೆ ನಾವು, ಮೇಲೆ ಎರಡು ಚಿಕ್ಕ ಬಾಡಿಗೆ ಮನೆ. ಇವರು ಐಟಿಐ ಓದಿದ ಎಲೆಕ್ಟ್ರಿಷಿಯನ್. ಹತ್ತಿರದ ಟೆಕ್ ಪಾರ್ಕ್ ಒಂದರಲ್ಲಿ ಜನರೇಟರ್, ಪ್ಯಾನೆಲ್ ಬೋರ್ಡ್ ನೋಡಿಕೊಳ್ಳುತ್ತಾರೆ. ನಾನು ರಾಣೆಬೆನ್ನೂರು ಕಡೆಯವಳು, ಲ್ಯಾಬ್ ಟೆಕ್ನಿಷಿಯನ್. ಆ ಪಾರ್ಕಿನಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆದಾಗ ಇವರ ರಕ್ತ ತೆಗೆದವಳು ನಾನೇ. ಹೈ ವೋಲ್ಟೇಜ್ ಪ್ಯಾನೆಲ್ಲಿಗೆ ಹೆದರದ ಮನುಷ್ಯ ನನ್ನ ಸೂಜಿ ಕಂಡು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ನನಗೆ ನಗು ಬಂತು. ಆ ನಗು ಮದುವೆಯವರೆಗೆ ಹೋಯಿತು. ಎರಡೂ ಮನೆಯವರು ಒಪ್ಪಲು ತಡವಾಯಿತು, ಒಪ್ಪಿದ ಮೇಲೆ ನನ್ನನ್ನು ಹೆಚ್ಚು ಮುದ್ದು ಮಾಡಿದ್ದು ನನ್ನ ಅತ್ತೆಯೇ.

ಮಗಳು ಮೂರು ಮಾತುಗಳ ನಡುವೆ ಬೆಳೆದಳು. ಈ ಕಡೆಯ ಎಷ್ಟೋ ಹಳೆಯ ಮನೆಗಳಂತೆ ಇವರ ಮನೆಮಾತು ತೆಲುಗು. ಅಜ್ಜಿಯೊಂದಿಗೆ ಅವಳದ್ದು ತೆಲುಗು. ನನ್ನ ಹತ್ತಿರ ನಮ್ಮ ಕಡೆಯ ‘ಬಾ ಅಂದ್ರ ಬರೂದಿಲ್ಲೇನು’ ಕನ್ನಡ. ಅಪ್ಪನ ಹತ್ತಿರ ಬೀದಿಯ ಕನ್ನಡ. ಮನೆಯಲ್ಲಿ ಅವಳ ಬಾಯಿಗೆ ಬೀಗವಿರಲಿಲ್ಲ. ಎಲ್‌ಕೆಜಿಗೆ ಸೇರಿಸಿದ ಇಂಗ್ಲಿಷ್ ನರ್ಸರಿಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿನ ಮಿಸ್, ‘ತುಂಬಾ ಡಿಸಿಪ್ಲಿನ್ಡ್ ಚೈಲ್ಡ್’ ಎಂದು ಹೊಗಳಿದರು. ಒಂದು ದಿನ ಅವಳು ಬಾತ್‌ರೂಮಿಗೆ ಹೋಗಬೇಕು ಎಂದು ಹೇಳಲಾಗದೆ ಚಡ್ಡಿ ಒದ್ದೆ ಮಾಡಿಕೊಂಡು ಬಂದಳು. ಅವಳಿಗೆ ಆ ಇಂಗ್ಲಿಷ್ ವಾಕ್ಯ ಗೊತ್ತಿತ್ತು. ಮನೆಯಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಬೇಕಾದಾಗ ಬರಲಿಲ್ಲ, ಅಷ್ಟೆ.

ಆವತ್ತಿನಿಂದ ನಾನು ಪಟ್ಟು ಹಿಡಿದೆ. ಮಗು ಒಂದನೇ ಕ್ಲಾಸಿನಿಂದ ಕನ್ನಡ ಮಾಧ್ಯಮದಲ್ಲೇ ಓದಲಿ, ನಮ್ಮ ಬೀದಿಯ ತುದಿಯಲ್ಲಿರುವ, ಇವರೂ ಓದಿದ ಸರ್ಕಾರಿ ಶಾಲೆಯಲ್ಲಿ. ಇವರು ಅಷ್ಟೇ ಗಟ್ಟಿಯಾಗಿ ಇಂಗ್ಲಿಷ್ ಎಂದರು. ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮಕ್ಕೆ ಅವಳಿಗೆ ಕೆಲವು ವಾರ ಕಡಿಮೆ ಬಿದ್ದು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂತಳು. ಆ ವರ್ಷ ನಮಗೆ ಜಗಳಕ್ಕೆ ಸಿಕ್ಕ ಬೋನಸ್.

ನಾನು ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ಪಿಯುಸಿ ಸೈನ್ಸಿಗೆ ಹೋದಾಗ ಮೊದಲ ಕೆಲವು ತಿಂಗಳು ಕತ್ತಲೆ. ಆದರೆ ‘ಫೋಟೋಸಿಂಥೆಸಿಸ್’ ಎಂದರೆ ದ್ಯುತಿಸಂಶ್ಲೇಷಣೆ ಎಂದು ಒಮ್ಮೆ ತಿಳಿದ ಮೇಲೆ ಕಲಿಯಲು ಉಳಿದದ್ದು ಹೆಸರು ಮಾತ್ರ. ಎಲೆ ಏನು ಮಾಡುತ್ತದೆ ಎನ್ನುವುದು ನನಗೆ ಐದನೇ ಕ್ಲಾಸಿನಿಂದಲೇ ಗೊತ್ತಿತ್ತು. ಇದನ್ನು ನಾನು ಹೇಳುತ್ತಿದ್ದೆ, ಮತ್ತೆ ಮತ್ತೆ ಹೇಳುತ್ತಿದ್ದೆ. ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆ, ಗಣಿತ ಮತ್ತು ಪರಿಸರವನ್ನು ಮಾತ್ರ ಅರ್ಥವಾಗುವ ಮಾತಿನಲ್ಲಿ ಹೇಳಿಕೊಡುತ್ತಾರೆ, ಅದರಲ್ಲಿ ತಪ್ಪೇನು ಎಂದು ಕೇಳುತ್ತಿದ್ದೆ. ಒಂದರಿಂದ ಹತ್ತು ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲು ಇದೆ ಎಂದೂ ಒಮ್ಮೆ ಬಾಯಿ ಬಿಟ್ಟೆ.

“ಆರು ವರ್ಷದ ಮಗೂಗೆ ಈಗ್ಲೇ ಸಿಇಟಿ ಲೆಕ್ಕ ಹಾಕ್ತಿದೀಯಾ?” ಎಂದರು.

ಆಮೇಲೆ ತಮ್ಮ ಕತೆ ಹೇಳಿದರು. “ನೀನು ಬುದ್ಧಿವಂತೆ ಕಣೇ, ದಾಟ್ಕೊಂಡೆ. ನಾನು ಪಿಯುಸೀಲಿ ಡುಮ್ಕಿ ಹೊಡ್ದಿದ್ದು ಫಿಸಿಕ್ಸಿಗಲ್ಲ, ಇಂಗ್ಲಿಷಲ್ಲಿದ್ದ ಫಿಸಿಕ್ಸಿಗೆ. ನನ್ ಜೊತೆ ಈ ಸ್ಕೂಲಿಂದ ಹೋದೋರು ಒಬ್ರೂ ಪಾಸಾಗ್ಲಿಲ್ಲ. ದಾಟ್ದೋರ್ ಕತೆ ಎಲ್ರೂ ಹೇಳ್ತಾರೆ, ಮುಳುಗ್ದೋರ್ ಕತೆ ಯಾರ್ ಹೇಳ್ತಾರೆ?”

ಅವರ ಕೆಲಸದ ಜಾಗದಲ್ಲಿ ಶಿಫ್ಟ್ ಮುಗಿದ ಮೇಲೆ ವರದಿಯನ್ನು ಇಂಗ್ಲಿಷಿನಲ್ಲಿ ಮೇಲ್ ಮಾಡಬೇಕು. ತಿಂಗಳಿಗೊಮ್ಮೆ ಕಟ್ಟಡದಲ್ಲಿ ಬಾಡಿಗೆಗಿರುವ ಕಂಪನಿಗಳವರ ಜೊತೆ ಮೀಟಿಂಗ್, ಅದೂ ಇಂಗ್ಲಿಷಿನಲ್ಲೇ. ಎಕ್ಸಿಕ್ಯುಟಿವ್ ಹುದ್ದೆಗೆ ಎರಡು ಸಲ ಇವರ ಹೆಸರು ಬಂದು ಎರಡು ಸಲವೂ ಸಂದರ್ಶನದಲ್ಲಿ ನಿಂತುಹೋಯಿತು. ಮನೆಗೆ ಬಂದವರು ಟೀ ಕುಡಿದು, ಮಗಳಿಗೆ ‘ಟ್ವಿಂಕಲ್ ಟ್ವಿಂಕಲ್’ ಹೇಳಿಸಿದರು. ನನಗೆ ಅಳು ಬಂತು, ಸಿಟ್ಟೂ ಬಂತು. ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯನ ಬಾಯನ್ನು ಒಂದು ಮೇಜಿನ ಸುತ್ತ ಕೂತವರು ಮುಚ್ಚಿಸಿದ್ದರು. ಅದು ಗೊತ್ತಿದ್ದೂ, ಅದೇ ಭಾಷೆಯ ಎದುರು ನನ್ನ ಮಗಳ ಬಾಯಿ ಮುಚ್ಚಿಕೊಂಡದ್ದು ಅವರಿಗೆ ಕಾಣುತ್ತಿಲ್ಲವಲ್ಲ ಎಂಬ ಸಂಕಟ ನನ್ನದು.

ಅತ್ತೆ ಇದನ್ನೆಲ್ಲ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಒಂದು ಸಂಜೆ ನಾನು ‘ಮಾತೃಭಾಷೆ’ ಎಂದು ಭಾಷಣ ಶುರು ಮಾಡಿದ್ದೆ. ಅವರು ತಲೆ ಎತ್ತಿ, “ಅಲ್ಲಮ್ಮಾ, ಈ ಮನೆ ಮಾತು ತೆಲುಗು. ನಿನ್ ಗಂಡ ಸ್ಕೂಲಿಗ್ ಓಗೋ ತನಕ ಅವನಿಗೆ ಕನ್ನಡಾನೂ ಬರ್ತಿರ್ಲಿಲ್ಲ. ಬೀದೀಲಿ ಆಡ್ಕಂಡು ಕಲ್ತ. ಮಾತೃಭಾಷೆ ಅಂತ ಒಡದಾಡೋದಾದ್ರೆ ನನ್ನೂ ಸೇರುಸ್ಕಳಿ,” ಎಂದರು. ನಾವಿಬ್ಬರೂ ನಕ್ಕೆವು. ಆದರೆ ಅದು ನನ್ನ ತಲೆಯಲ್ಲಿ ಉಳಿಯಿತು. ನಾನು ತಾಯ್ನುಡಿ ಎನ್ನುವಾಗ ನನ್ನ ನುಡಿ ಎನ್ನುತ್ತಿದ್ದೆ. ಮಗಳಿಗೆ ಕನ್ನಡ ಅಮ್ಮನ ಮಾತು, ಬೀದಿಯ ಮಾತು, ಆಟದ ಮಾತು. ಅಷ್ಟು ಸಾಕು ಎಂದೇ ಈಗಲೂ ನನಗೆ ಅನ್ನಿಸುತ್ತದೆ. ಆಡಿ ಕಲಿತ ಮಾತಿನಲ್ಲಿ ಮಗು ಹೆದರುವುದಿಲ್ಲ.

ಆ ಸರ್ಕಾರಿ ಶಾಲೆಯ ಮೇಲೆ ಇವರಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಪ್ರೀತಿ ಮಿತಿಮೀರಿತ್ತು. ಶಾಲೆಯ ನೀರಿನ ಮೋಟಾರ್ ಕೆಟ್ಟರೆ ಹೆಡ್ ಮೇಡಂ ಫೋನು ಇವರಿಗೇ. ರಜೆಯ ದಿನ ಹೋಗಿ ಕ್ಲಾಸ್‌ರೂಮಿನ ವೈರಿಂಗ್ ಬದಲಿಸಿ ಬರುತ್ತಿದ್ದರು. ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಗೆ ಬನ್ನಿ ಎಂದು ಮೇಡಂ ಕರೆದರೆ ಆಗುತ್ತಿರಲಿಲ್ಲ, ಏಕೆಂದರೆ ಆ ಸಮಿತಿಗೆ ಅಲ್ಲಿ ಓದುವ ಮಕ್ಕಳ ಪೋಷಕರೇ ಆಗಬೇಕು. “ಮೋಟಾರ್ ಮಾತ್ರ ನಿಮ್ದು, ಮಗಳು ಮಾತ್ರ ಇನ್ನೊಬ್ರ ಸ್ಕೂಲಿಗೆ,” ಎಂದು ನಾನು ಚುಚ್ಚುತ್ತಿದ್ದೆ. ಅವರು ವೈಟ್‌ಫೀಲ್ಡ್ ಕಡೆಯ ಒಂದು ಖಾಸಗಿ ಶಾಲೆಯ ಅರ್ಜಿ ತಂದಿಟ್ಟಿದ್ದರು. ಹಳದಿ ವ್ಯಾನು ಏಳಕ್ಕೆ ಬರುತ್ತದಂತೆ. ಆ ಅರ್ಜಿಯನ್ನು ನಾನು ಬೇಕೆಂದೇ ತರಕಾರಿ ಬುಟ್ಟಿಯ ಕೆಳಗೆ ಇಡುತ್ತಿದ್ದೆ, ಅವರು ತೆಗೆದು ಟಿವಿ ಮೇಲೆ ಇಡುತ್ತಿದ್ದರು.

“ಗಂಡ ಎಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನಂಗೆ ಮಾಡ್ಬೇಡಿ,” ಎಂದು ಅತ್ತೆ ಗದರಿದ ಮಾರನೆಯ ವಾರವೇ ಹೆಡ್ ಮೇಡಂ ಸುದ್ದಿ ಕೊಟ್ಟರು. ನಮ್ಮ ಶಾಲೆಗೆ ದ್ವಿಭಾಷಾ ವಿಭಾಗ ಮಂಜೂರಾಗಿದೆ. ಒಂದನೇ ತರಗತಿಯಲ್ಲಿ ಕನ್ನಡದ ಒಂದು ಸೆಕ್ಷನ್, ಇಂಗ್ಲಿಷಿನ ಒಂದು ಸೆಕ್ಷನ್. ಇಂಗ್ಲಿಷ್ ಸೆಕ್ಷನ್ನಿನಲ್ಲೂ ಕನ್ನಡ ಮೊದಲ ಭಾಷೆಯೇ. ಗಣಿತ, ಪರಿಸರದ ಪುಸ್ತಕದಲ್ಲಿ ಒಂದು ಪುಟ ಕನ್ನಡ, ಎದುರು ಪುಟ ಅದೇ ಪಾಠ ಇಂಗ್ಲಿಷಿನಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ನಾನು ಪುಸ್ತಕ ತಿರುವಿ ನೋಡಿದೆ. ಮಗಳಿಗೆ ತಿಳಿಯದ್ದನ್ನು ಪಕ್ಕದ ಪುಟದಿಂದ ನಾನು ಹೇಳಿಕೊಡಬಹುದು, ಬೀದಿಯ ಮಕ್ಕಳ ಜೊತೆ ನಡೆದೇ ಹೋಗುತ್ತಾಳೆ. ಇವರಿಗೆ ಇಂಗ್ಲಿಷ್ ಸಿಕ್ಕಿತು, ಜೊತೆಗೆ ತಮ್ಮ ಮೋಟಾರಿನ ಶಾಲೆಯೂ ಸಿಕ್ಕಿತು. ಟಿವಿಯ ಮೇಲಿನ ಅರ್ಜಿಯನ್ನು ತಾವೇ ಹರಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದರು ಅತ್ತೆ, ಹಬ್ಬವಿಲ್ಲದೆ.

ಆ ಸಂತೋಷದಲ್ಲೇ ಇವರು ಸ್ಪೀಕರಿಗೆ ದನಿ ಕೊಟ್ಟದ್ದು. ಇಂಗ್ಲಿಷ್ ಸೆಕ್ಷನ್ನಿಗೆ ಮೂವತ್ತೇ ಮಕ್ಕಳು ಎಂಬ ಮಿತಿಯನ್ನು ಮೇಡಂ ಹೇಳಿದ್ದರು. ಇವರು ಅದನ್ನು ಮೈಕಿನ ಮುಂದೆ ಹೇಳಲಿಲ್ಲ. ಬೇಕೆಂದಲ್ಲ. ಮೂವತ್ತು ಜನ ಬಂದರೆ ತಾನೇ ಮಿತಿ? ಆ ಶಾಲೆಯ ಒಂದನೇ ಕ್ಲಾಸಿಗೆ ಅಷ್ಟು ಜನ ಬಂದು ಎಷ್ಟೋ ವರ್ಷವಾಗಿತ್ತು.

ಬಂದರು. ಆಟೋ ಸುತ್ತಿದ ವಾರದಲ್ಲಿ ಶಾಲೆಯ ಗೇಟಿನಲ್ಲಿ ಚಪ್ಪಲಿಗಳ ರಾಶಿ. ಕಟ್ಟಡ ಕೆಲಸದವರು, ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುವವರು, ಸೆಕ್ಯುರಿಟಿಯವರು, ನೇಪಾಳದವರು, ಒಡಿಶಾದವರು. ಆಧಾರ್, ಜನನ ಪತ್ರ ಹಿಡಿದು ಎಲ್ಲರೂ ಕೇಳಿದ್ದು ಒಂದೇ: ಇಂಗ್ಲಿಷ್. ಕನ್ನಡ ಸೆಕ್ಷನ್ನಿನ ಮುಂದೆ ಒಬ್ಬರೂ ಇರಲಿಲ್ಲ. ಇಂಗ್ಲಿಷ್ ತುಂಬಿದ ಮೇಲೆ ಮೇಡಂ ‘ಕನ್ನಡಕ್ಕೆ ಹಾಕ್ತೀರಾ?’ ಎಂದು ಕೇಳುತ್ತಿದ್ದರು. ಕೆಲವರು ಹೂಂ ಎಂದರು, ಉಳಿದವರು ಕಾಗದ ಮಡಚಿಕೊಂಡು ಹೋದರು. ಇಷ್ಟರಲ್ಲಿ ಒಂದು ಸೀಟನ್ನು ಮೇಡಂ ಯಾರಿಗೂ ಕೊಡದೆ ಇಟ್ಟಿದ್ದರು. ಅದು ನಮ್ಮ ಮಗಳದ್ದು. ಜನನ ಪತ್ರದಲ್ಲಿ ಹೆಸರಿನ ತಿದ್ದುಪಡಿ ಬಾಕಿಯಿದ್ದು ನಾವಿನ್ನೂ ಸೇರಿಸಿರಲಿಲ್ಲ.

ನಮ್ಮ ಮೇಲಿನ ಬಾಡಿಗೆ ಮನೆಯಲ್ಲಿ ಯಾದಗಿರಿ ಕಡೆಯ ಒಂದು ಸಂಸಾರವಿತ್ತು. ಗಂಡ ಗಾರೆ ಕೆಲಸ, ಹೆಂಡತಿ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ಅವರ ಮಗಳೂ ನಮ್ಮವಳ ವಯಸ್ಸಿನವಳೇ, ಗಲ್ಲಿಯೊಳಗಿನ ಒಂದು ಸಣ್ಣ ಇಂಗ್ಲಿಷ್ ಶಾಲೆಯಲ್ಲಿ ಯುಕೆಜಿ ಮುಗಿಸಿದ್ದಳು. ಶನಿವಾರ ಮಧ್ಯಾಹ್ನ ಆಕೆ ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬಂದಳು. ಇವರು ಒಳಗೆ ಇಸ್ತ್ರಿ ಪೆಟ್ಟಿಗೆಯ ವೈರ್ ಸರಿಮಾಡುತ್ತಿದ್ದರು.

“ಅಣ್ಣಾರು ಆಟೋದಾಗ ಹೇಳಿದ್ರಲ್ರಿ, ಇಂಗ್ಲಿಷ್ ಐತಿ ಅಂತ. ಅವರ ದನಿ ಅಂತ ಗೊತ್ತಾತು ನನಗ. ಹಳೇ ಸಾಲಿಗಿ ಹೋಗಿ, ನಮ್ ಹುಡುಗಿ ಇನ್ನ ಬರಂಗಿಲ್ಲ ಅಂತ ಹೇಳಿ ಬಂದೆ. ವಾರ ಪೂರ್ತಿ ಡ್ಯೂಟಿ ಇತ್ತು, ಇವತ್ತ ಹೋದೆ. ಮೇಡಂ ತುಂಬೇತಿ ಅಂದ್ರು, ಉಳಿದ ಒಂದ್ ಸೀಟು ನಿಮ್ ಹುಡುಗೀದಂತ.”

ಜಗಳಕ್ಕೆ ಬಂದವಳಲ್ಲ. ನಡೆದದ್ದನ್ನು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಸ್ಕ್ರೂಡ್ರೈವರ್ ಸದ್ದು ನಿಂತಿತು. ಇವರಿಗೆ ಈ ಸಂಕಟ ಬೇಡವೆಂದು ನಾನೇ ಮಾತು ಹಿಡಿದೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ನನ್ನ ನಾಲಿಗೆಯೂ ಸಲೀಸು.

“ಕನ್ನಡ ಸೆಕ್ಷನ್ನಿಗೆ ಹಾಕವ್ವಾ. ಅಲ್ಲಿ ನಲಿ-ಕಲಿ ಐತಿ. ಮಕ್ಕಳು ನೆಲದಾಗ ಗುಂಪುಗುಂಪಾಗಿ ಕೂತು ಕಾರ್ಡ್ ಹಿಡ್ಕೊಂಡು ಕಲೀತಾವ. ತನಗ ಬಂದಷ್ಟು ಮುಗ್ಸಿ ಮುಂದಿನ ಕಾರ್ಡ್ ತಗೊಳ್ಳೂದು. ಹೊಡೆಯಂಗಿಲ್ಲ, ಬಡಿಯಂಗಿಲ್ಲ. ಇಂಗ್ಲಿಷ್ ವಿಷಯಾನೂ ಐತಿ. ಭಾಳ ಚಲೋ.”

ಆಕೆ ನನ್ನನ್ನೇ ನೋಡಿದಳು. “ಅಷ್ಟ್ ಚಲೋ ಇದ್ರ ನಿಮ್ ಮಗಳಿಗಿ ಯಾಕ್ರೀ ಅಕ್ಕಾರ ಇಂಗ್ಲಿಷ್ ಸೀಟು?”

ಎರಡು ವರ್ಷ ಗಂಡನ ಮುಂದೆ ಕಟ್ಟಿದ ನನ್ನ ವಾದವೆಲ್ಲ ಆ ಒಂದು ಪ್ರಶ್ನೆಗೆ ಕುಸಿಯಿತು. ಇಂಗ್ಲಿಷ್ ಬೇಡವೆಂದು ಹೋರಾಡಿದವಳು ನಾನೇ ಎಂದು ಹೇಳಬಹುದಿತ್ತು. ಹೇಳಿ ಏನು? ಸೀಟು ಕಾದಿರಿಸಿದ್ದು ನಮ್ಮ ಹೆಸರಿಗೇ ತಾನೇ.

ಅವಳೇ ಸಮಾಧಾನ ಮಾಡಿದಳು. “ತಪ್ಪ ತಿಳಕೋಬ್ಯಾಡ್ರಿ. ನಿಮ್ ಮನ್ಯಾಗ ಪುಸ್ತಕ ಅದಾವ, ನೀವು ಅದೀರಿ. ಯಾವ ಸಾಲಿಗಿ ಹಾಕಿದ್ರೂ ನಿಮ್ ಹುಡುಗಿ ಕಲೀತಾಳ. ಕನ್ನಡ ನಾನೂ ಹೇಳ್ಕೊಡ್ತೀನ್ರಿ, ಅಷ್ಟ್ ಓದೀನಿ. ಇಂಗ್ಲಿಷ್ ಯಾರ್ ಹೇಳ್ಕೊಡ್ತಾರ? ಅದು ಸಾಲ್ಯಾಗ ಸಿಕ್ರ ಸಿಕ್ತು, ಇಲ್ಲಂದ್ರ ಇಲ್ಲ.”

ಆಕೆ ಹೋದ ಮೇಲೆ ನಾನು ಬಹಳ ಹೊತ್ತು ಅಡುಗೆಮನೆಯಲ್ಲಿ ಮಾಡಲು ಕೆಲಸವಿಲ್ಲದೆಯೂ ನಿಂತಿದ್ದೆ. ಭಾಷೆಯ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ನನ್ನ ಮಗಳು ಕನ್ನಡದಲ್ಲಿ ಓದಲಿ ಎಂದು ಧೈರ್ಯವಾಗಿ ಹೇಳಲು ನನಗೆ ಸಾಧ್ಯವಾದದ್ದು ನನಗೆ ಇಂಗ್ಲಿಷ್ ಬರುತ್ತಿದ್ದುದರಿಂದ. ನನ್ನ ಗಂಡ ಹೆದರಿದ್ದರಲ್ಲಿ, ಆ ಹೆಂಗಸು ಹೆದರಿದ್ದರಲ್ಲಿ ಮೂರ್ಖತನ ಇರಲಿಲ್ಲ.

ಇವರು ಭಾನುವಾರವಿಡೀ ಮಂಕಾಗಿದ್ದರು. ಅದೇ ದಿನ ಸಂಜೆ ಆಟೋ ಕೊನೆಯ ಸುತ್ತಿಗೆ ಬಂತು. ‘ನೀವೂ ಬನ್ನಿ’ ಎಂದು ತಮ್ಮದೇ ದನಿ ಕೇಳಿದ್ದೇ ಎದ್ದು ಹೊರಗೆ ಹೋಗಿ, ಡ್ರೈವರಿಗೆ ಏನೋ ಹೇಳಿ ಸ್ಪೀಕರ್ ಬಂದ್ ಮಾಡಿಸಿದರು. ಅತ್ತೆ ಒಳಗಿನಿಂದ, “ಮಾತು ಆಡಿದ್ರೆ ಓಯ್ತು, ಮುತ್ತು ಒಡದ್ರೆ ಓಯ್ತು. ಈಗ್ ಆರ್ಸಿ ಏನ್ ಬಂತು?” ಎಂದರು. ಮಗನಿಗೆ ಅವರು ಬಯ್ದದ್ದು ನಾನು ಕೇಳಿದ್ದು ಅಪರೂಪ.

ಸೋಮವಾರ ತಿದ್ದಿದ ಜನನ ಪತ್ರ ಹಿಡಿದು ಶಾಲೆಗೆ ಹೋದೆವು, ಮಗಳು ನಮ್ಮಿಬ್ಬರ ನಡುವೆ. ಹೆಡ್ ಮೇಡಂ ಖುಷಿಯಲ್ಲೇ ಇದ್ದರು. ಕಂಪ್ಯೂಟರಿನಲ್ಲಿ ಮಗುವಿನ ವಿವರ ತುಂಬಿಸುತ್ತ, “ತಂದೆ ತಾಯಿ ಹೆಸರು ಆಯ್ತು. ಮಾತೃಭಾಷೆ?” ಎಂದರು.

ನಾನು ಇವರನ್ನು ನೋಡಿದೆ, ಇವರು ನನ್ನನ್ನು ನೋಡಿದರು. “ಕನ್ನಡ ಬರ್ಕೊಳ್ಳಿ ಮೇಡಂ. ನಮ್ಮಮ್ಮನಿಗೆ ಹೇಳ್ಬೇಡಿ,” ಎಂದರು. ಮೇಡಂ ನಕ್ಕರು.

“ಮಾಧ್ಯಮ ಇಂಗ್ಲಿಷ್ ತಾನೇ?”

ಇವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದು ಕೂತರು. ಸಂದರ್ಶನದಲ್ಲೂ ಹೀಗೇ ಕೂತಿದ್ದರೋ ಏನೋ. “ಮೇಡಂ, ಆ ಸೀಟನ್ನ ನಮ್ಮನೆ ಮೇಲಿರೋ ಹುಡುಗಿಗೆ ಕೊಡಿ. ಅವರಮ್ಮ ಶನಿವಾರ ಬಂದಿದ್ರು. ನನ್ ಮಾತು ನಂಬ್ಕೊಂಡು ಬಂದೋರು. ಮೂವತ್ತು ಅಂತ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ.”

“ನಿಮ್ಮ ಮಗಳು?”

“ಕನ್ನಡಕ್ಕೆ ಹಾಕಿ. ಇಂಗ್ಲಿಷ್ ಹೇಳ್ಕೊಡೋಕೆ ಮನೇಲಿ ಅವಳಮ್ಮ ಇದಾಳೆ.”

ನನ್ನನ್ನು ಒಂದು ಮಾತು ಕೇಳಲಿಲ್ಲ. ಎರಡು ವರ್ಷ ನಾನು ಬೇಡಿದ್ದನ್ನು, ಕಾಡಿದ್ದನ್ನು, ಮುನಿಸಿಕೊಂಡು ಮಲಗಿದ್ದನ್ನು ಮೂರು ಮಾತಿನಲ್ಲಿ ಕೊಟ್ಟುಬಿಟ್ಟರು. ಗೆದ್ದೆ ಎಂದು ಅನ್ನಿಸಬೇಕಿತ್ತು. ಅನ್ನಿಸಿದ್ದು ಭಯ. ನಾನು ಹೇಳುತ್ತ ಬಂದದ್ದೆಲ್ಲ ತಪ್ಪಾಗಿದ್ದರೆ? ಇಪ್ಪತ್ತು ವರ್ಷದ ನಂತರ ನನ್ನ ಮಗಳೂ ಒಂದು ಮೇಜಿನ ಮುಂದೆ ಬಾಯಿ ಕಟ್ಟಿ ಕೂತರೆ? ವಾದ ಮಾಡುವಾಗ ಇಂಥ ಯೋಚನೆ ಒಂದು ದಿನವೂ ಬಂದಿರಲಿಲ್ಲ, ಏಕೆಂದರೆ ಎದುರಿಗೆ ಇವರಿದ್ದರು. ನನ್ನ ಪಾಲಿನ ಭಯವನ್ನೂ ಅವರೇ ಪಡುತ್ತಿದ್ದರು.

ಮೇಡಂ ನನ್ನ ಕಡೆ ತಿರುಗಿ, “ನಿಮಗೆ ಒಪ್ಪಿಗೆಯಾ?” ಎಂದರು.

“ಒಪ್ಪಿಗೆ,” ಎಂದೆ. ದನಿ ಸಣ್ಣಗೆ ಬಂತು.

ಮೇಡಂ ನಮ್ಮನ್ನು ಕನ್ನಡ ಸೆಕ್ಷನ್ನಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಸುತ್ತಲೂ ಕಪ್ಪು ಹಲಗೆ, ಒಬ್ಬೊಬ್ಬರಿಗೂ ಒಂದೊಂದು ಚೌಕ. ಸೇರಿದವರು ಬೆರಳೆಣಿಕೆಯ ಮಕ್ಕಳು, ಹಾಗಾಗಿ ಯಾರಿಗೆ ಯಾವ ಚೌಕ ಬೇಕಾದರೂ ಆಗುತ್ತಿತ್ತು. ಮಗಳು ಕಿಟಕಿಯ ಪಕ್ಕದ್ದನ್ನು ಆರಿಸಿಕೊಂಡಳು. ಅಲ್ಲಿದ್ದ ಟೀಚರ್, ‘ಏನು ಬರೀತೀಯ?’ ಎಂದು ಕೇಳಿದ್ದೇ ತಡ, ಅವಳು ಶುರು ಮಾಡಿದಳು. ಬೆಕ್ಕು ಬರೀತೀನಿ, ನಮ್ಮ ಬೆಕ್ಕು ಮರಿ ಹಾಕಿದೆ, ಅಜ್ಜಿ ಅದನ್ನು ಮುಟ್ಟಬೇಡ ಅಂತಾರೆ, ನಮ್ಮಪ್ಪ ನಿಮ್ಮ ಮೋಟಾರ್ ರಿಪೇರಿ ಮಾಡಿದ್ದು ನಿಮಗೆ ಗೊತ್ತಾ, ಈ ಫ್ಯಾನೂ ನಮ್ಮಪ್ಪನೇ ಹಾಕಿದ್ದು, ಇಲ್ಲಿ ಬಾತ್‌ರೂಮ್ ಎಲ್ಲಿದೆ. ಟೀಚರಿಗೆ ನಡುವೆ ಒಂದು ಮಾತು ಆಡಲು ಜಾಗ ಸಿಗಲಿಲ್ಲ.

ಇವರು ಬಾಗಿಲಲ್ಲಿ ನಿಂತು ನೋಡಿದರು. ಮಗಳು ಹೊರಗಿನವರ ಮುಂದೆ ಹೀಗೆ ಮಾತಾಡಿದ್ದನ್ನು ಅವರು ನೋಡಿದ್ದು ಅದೇ ಮೊದಲು. ನಾನು ನೂರು ಸಲ ಹೇಳಿದ್ದೆ, ನಂಬಿರಲಿಲ್ಲ. ಅವರ ಕಣ್ಣು ತುಂಬಿತು. ನಾನು ಬೇರೆ ಕಡೆ ನೋಡಿದೆ.

ವಾಪಸು ಬರುವಾಗ ಮಗಳು ಮುಂದೆ ಓಡುತ್ತಿದ್ದಳು. ಮೇಲಿನ ಮನೆಯ ಹೆಂಗಸಿಗೆ ಫೋನ್ ಮಾಡಿ ಸೀಟಿನ ವಿಷಯ ಹೇಳಿದೆ. ಆಕೆ ಮೊದಲು ಅತ್ತಳು, ಆಮೇಲೆ ಸಂಜೆ ಪಾಳಿ ಮುಗಿಸಿ ಬರ್ತೀನಿ ಎಂದಳು. ನಾನು ಫೋನ್ ಇಡುವವರೆಗೆ ಇವರು ಕಾದರು.

“ಇಂಗ್ಲಿಷ್ ನೀನ್ ನೋಡ್ಕೋತೀಯಲ್ವಾ?”

“ನೋಡ್ಕೋತೀನಿ. ಮೇಲಿನ ಹುಡುಗೀನೂ ಬಂದು ಕೂತ್ಕೊಳ್ಳಲಿ. ಇವಳ ಕನ್ನಡ ಪಾಠ, ಅವಳ ಇಂಗ್ಲಿಷ್ ಪಾಠ, ಎರಡೂ ಒಟ್ಟಿಗೆ ಆಗತ್ತೆ.”

ನೀರಿನ ಟ್ಯಾಂಕರ್ ಒಂದು ರಸ್ತೆ ತುಂಬಿಕೊಂಡು ಬಂತು. ಗೋಡೆಗೆ ಒತ್ತಿ ನಿಂತೆವು, ಮಗಳನ್ನು ಇವರು ಎಳೆದು ಹಿಡಿದುಕೊಂಡರು. ಟ್ಯಾಂಕರ್ ದಾಟಿದ ಮೇಲೂ ಇವರು ಗೋಡೆ ಬಿಟ್ಟು ಬರಲಿಲ್ಲ.

“ಒಂದ್ ಕೇಳ್ಲಾ? ಇಷ್ಟ್ ದಿನ ಹೇಳಿರ್ಲಿಲ್ಲ. ನಾಳೆ ಅವಳು ನನ್ ಥರಾನೇ ಆಗ್ಬಿಟ್ರೆ?”

ಕೊಟ್ಟ ಮಾತಿಗೆ ಮಗಳ ಸೀಟನ್ನೇ ಬಿಟ್ಟುಕೊಟ್ಟು ಬಂದ ಮನುಷ್ಯ ಕೇಳಿದ ಪ್ರಶ್ನೆ ಅದು. ನನಗೆ ಸಿಟ್ಟು ಬಂತು, ಪ್ರೀತಿ ಉಕ್ಕಿತು, ನಡುಬೀದಿ ಎಂದು ನೋಡದೆ ಅವರ ತೋಳು ಹಿಡಿದುಕೊಂಡೆ.

“ಆಗ್ಲಿ ಅಂತಾನೇ ರೀ,” ಎಂದೆ, “ಇಷ್ಟು ದಿನ ನಿಮ್ ಜೊತೆ ಜಗಳ ಆಡಿದ್ದು.”